ಕೆಂಪು ನೆಲ, ತೋಟದ ಹಸಿರು, ನಡುವೆ ಒಂದು ಹೊಟ್ಟೆ: ಬಸುರಿ ಫೋಟೋ ಟಚ್‌ಅಪ್‌ನ ಒಂದು ಪ್ರಕರಣ

ತೀರ್ಥಹಳ್ಳಿ ಕಡೆಯ ಹಳೆಯ ಹೆಂಚಿನ ಮನೆ. ಜುಲೈ ತಿಂಗಳು, ಬೆಳಗಿನ ಹನ್ನೊಂದು ಗಂಟೆ, ಹೊರಗೆ ಮೋಡ. ಬಸುರಿಗೆ 34ನೇ ವಾರ. ಸೀಮಂತದ ಹಸಿರು ರೇಷ್ಮೆ ಸೀರೆ, ಎರಡೂ ಕೈಗೆ ಹಸಿರು ಗಾಜಿನ ಬಳೆ. ನಡುಮನೆಯ ಕಿಟಕಿಯ ಪಕ್ಕ ಓರೆಯಾಗಿ ನಿಂತಿದ್ದಾರೆ. ಸೆರಗು ಸರಿಸಿ ಹೊಟ್ಟೆ ಕಾಣುವಂತೆ ಇಟ್ಟಿದೆ, ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಕೆಳಗೆ. 24 ಮೆಗಾಪಿಕ್ಸೆಲ್ ಕ್ಯಾಮೆರಾ, 50 ಎಂಎಂ ಲೆನ್ಸ್, f/4, 1/125, ಐಎಸ್‌ಒ 1000, ರಾ ಫೈಲ್. ಬೇಕಾಗಿದ್ದು 12×18 ಇಂಚಿನ ಒಂದು ಮ್ಯಾಟ್ ಪ್ರಿಂಟ್.

ಫೋಟೋ ತೆಗೆದದ್ದರಲ್ಲಿ ತಪ್ಪಿಲ್ಲ. ಆದರೂ ಶಿವಮೊಗ್ಗದ ಸ್ಟುಡಿಯೋದಲ್ಲಿ ಫೈಲ್ ತೆರೆದಾಗ ಮೈಬಣ್ಣ ಮೂರು ತುಂಡಾಗಿ ಕಂಡಿತು. ಕಿಟಕಿಯ ಕಡೆಯ ಕೆನ್ನೆ, ಹೊಟ್ಟೆಯ ಮೇಲ್ಭಾಗ ಸ್ವಲ್ಪ ಪಾಚಿ ಹಿಡಿದಂತೆ. ತೋಳು ಸರಿಯಾಗಿಯೇ ಇದೆ. ಹೊಟ್ಟೆಯ ಅಡಿಭಾಗ ಮಾತ್ರ ಉರಿ ಎದ್ದಷ್ಟು ಕೆಂಪು. ಇದು ಚರ್ಮದ ದೋಷವಲ್ಲ, ಮನೆಯ ಕೊಡುಗೆ. ಕಿಟಕಿಯಾಚೆ ಹತ್ತು ಹೆಜ್ಜೆಗೆ ಅಡಿಕೆ ತೋಟ. ಒಳಗೆ ಬರುವ ಬೆಳಕಿನ ಬಹುಪಾಲು ಎಲೆಗಳಿಗೆ ಬಡಿದು ಬಂದದ್ದು. ಕೆಳಗೆ ಒರೆಸಿ ಒರೆಸಿ ಹೊಳಪೇರಿದ ಕೆಂಪು ನೆಲ. ಹೊಟ್ಟೆಯ ಅಡಿಗೆ ಕಿಟಕಿಯ ಬೆಳಕು ತಲುಪುವುದೇ ಇಲ್ಲ, ಅಲ್ಲಿಗೆ ಬೆಳಕು ಕೊಡುತ್ತಿರುವುದು ಈ ನೆಲ. ಮಲೆನಾಡಿನ ಮನೆಯೊಳಗೆ ತೆಗೆದ ಫೋಟೋಗಳಲ್ಲಿ ಈ ಜೋಡಿ ಮತ್ತೆ ಮತ್ತೆ ಸಿಗುತ್ತದೆ. ಅದನ್ನು ಚರ್ಮದ ಸಮಸ್ಯೆ ಎಂದು ತಿಳಿದು ಬ್ರಷ್ ಹಿಡಿದವರು ದಾರಿ ತಪ್ಪುತ್ತಾರೆ.

ಬ್ರಷ್ ಹಿಡಿಯುವ ಮೊದಲು ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂಬ ಮಾತಾಯಿತು. ಫೋಟೋ ಆರಿಸಲು ಅತ್ತೆಯೂ ಬಂದಿದ್ದರು. "ಸ್ವಲ್ಪ ಬೆಳ್ಳಗೆ ಮಾಡ್ಬಹುದಲ ಮಾರಾಯ್ರೆ, ಕೈಯೂ ಊದ್ಕಂಡಂಗೆ ಕಾಣ್ತು" ಎಂದರು. ಸೊಸೆ ಮಾತ್ರ ಸ್ಪಷ್ಟವಾಗಿದ್ದರು: "ಕೈ ಊದಿದ್ದು ಹೌದಲ ಅತ್ತೆ, ಇರ್ಲಿ. ಹೊಟ್ಟೆ ಮೇಲಿನ ಗೆರೆನೂ ಇರ್ಲಿ. ಆ ಲಾಡಿ ಗುರುತು ಒಂದು ತೆಗೀರಿ, ಅದು ನಂದಲ್ಲ." ಎಡಿಟರ್‌ಗೆ ಇದಕ್ಕಿಂತ ಒಳ್ಳೆಯ ಸೂಚನೆ ಸಿಗಲಾರದು. ಲಂಗದ ಲಾಡಿ ಒತ್ತಿದ ಗುರುತು, ಸೊಳ್ಳೆ ಕಚ್ಚಿದ ಮೂರು ದಡಿಕೆ, ಹಣೆಯ ಬೆವರಿನ ಹೊಳಪು ಇವೆಲ್ಲ ನಾಳೆ ಇರುವುದಿಲ್ಲ, ತೆಗೆಯಬಹುದು. ಹೊಕ್ಕುಳಿಂದ ಕೆಳಗೆ ಇಳಿಯುವ ಕಪ್ಪು ಗೆರೆ, ಪಕ್ಕೆಯ ಹತ್ತಿರದ ಸ್ಟ್ರೆಚ್ ಮಾರ್ಕ್, ಹೊರಗೆ ಉಬ್ಬಿದ ಹೊಕ್ಕುಳು, ಊದಿದ ಬೆರಳು ಈ ಬಸುರಿನವು, ಉಳಿಯಬೇಕು. ಕೆನ್ನೆಯ ಮೇಲಿನ ಬಂಗು ಎರಡರ ನಡುವಿನದು. ಕೇಳಿದ್ದಕ್ಕೆ "ಅರ್ಧ ಕಡಿಮೆ ಮಾಡಿ, ಪೂರ್ತಿ ತೆಗೀಬೇಡಿ" ಎಂದರು. ಇಷ್ಟನ್ನೂ ಆರ್ಡರ್ ಚೀಟಿಯ ಹಿಂದೆ ಬರೆದುಕೊಂಡದ್ದು ಮುಂದೆ ಉಪಯೋಗಕ್ಕೆ ಬಂತು.

ಬೆಳ್ಳಗೆ ಮಾಡುವ ವಿಷಯ ಮಾತಿನಲ್ಲಿ ಬಗೆಹರಿಯುವುದಲ್ಲ. ಬಣ್ಣದ ಕಲೆಸಾಟ ಸರಿಯಾದ ಮೇಲೆ ನೋಡೋಣ ಎಂದು ಬಿಟ್ಟದ್ದು ಸರಿಯಾಯಿತು. ಹಸಿರು ಛಾಯೆ ಬಿದ್ದ ಕಂದು ಚರ್ಮ ಇರುವುದಕ್ಕಿಂತ ಕಪ್ಪಾಗಿ, ಕಳೆಗುಂದಿ ಕಾಣುತ್ತದೆ. ಅದು ಹೋದರೆ ಆ ಬೇಡಿಕೆಯೂ ಬಹುಮಟ್ಟಿಗೆ ಹೋಗುತ್ತದೆ.

ಮೊದಲ ಕೆಲಸ ವೈಟ್ ಬ್ಯಾಲೆನ್ಸ್. ಫೋಟೋ ತೆಗೆದವರು ಗ್ರೇ ಕಾರ್ಡ್ ಹಿಡಿದು ಒಂದು ಫ್ರೇಮ್ ತೆಗೆದಿದ್ದರು, ಕಾರ್ಡ್ ಮುಖದ ಹತ್ತಿರ, ಕಿಟಕಿಯ ಕಡೆಗೆ ತಿರುಗಿತ್ತು. ಅದರ ಮೇಲೆ ಕ್ಲಿಕ್ ಮಾಡಿದರೆ ರಾ ಕನ್ವರ್ಟರ್ ಹಸಿರನ್ನು ಕಳೆಯಲು Tint ಅನ್ನು ಮೆಜೆಂಟಾ ಕಡೆಗೆ ತಳ್ಳುತ್ತದೆ. ಮುಖ ಒಡನೆ ಚೆಂದವಾಯಿತು, ಹೊಟ್ಟೆಯ ಅಡಿ ಮಾತ್ರ ಇದ್ದದ್ದಕ್ಕಿಂತ ಕೆಂಪಾಯಿತು. ಎರಡು ಬಣ್ಣದ ಬೆಳಕಿಗೆ ಒಂದೇ ವೈಟ್ ಬ್ಯಾಲೆನ್ಸ್ ಸಾಕಾಗುವುದಿಲ್ಲ. ಒಂದನ್ನು ಪೂರ್ತಿ ತಿದ್ದಿದರೆ ಇನ್ನೊಂದು ಕೆಡುತ್ತದೆ. ಆದ್ದರಿಂದ ಕಾರ್ಡ್ ಹೇಳಿದ್ದರ ಅರ್ಧಕ್ಕೆ Tint ನಿಲ್ಲಿಸಿ, 16 ಬಿಟ್ ಫೈಲ್ ಆಗಿ ಫೋಟೋಶಾಪ್‌ಗೆ ತಂದದ್ದಾಯಿತು. 8 ಬಿಟ್‌ನಲ್ಲಿ ಹೊಟ್ಟೆಯಂಥ ನುಣುಪಾದ ಇಳಿಜಾರಿನ ಮೇಲೆ ಇಷ್ಟು ಕೆಲಸ ಮಾಡಿದರೆ ನೆರಳು ಪಟ್ಟಿ ಪಟ್ಟಿಯಾಗಿ ಒಡೆಯುವ ಅಪಾಯವಿದೆ.

ಇನ್ನು ಕಣ್ಣನ್ನು ನಂಬುವ ಹಾಗಿಲ್ಲ. ಸುತ್ತಲೂ ಹಸಿರು ಸೀರೆ ಇದ್ದರೆ ನಡುವಿನ ಚರ್ಮ ಇರುವುದಕ್ಕಿಂತ ಕೆಂಪಾಗಿ ಕಾಣುತ್ತದೆ. ಹಾಗಾಗಿ ಕಲರ್ ಸ್ಯಾಂಪ್ಲರ್‌ನಿಂದ ಮೂರು ಕಡೆ ಗುರುತಿಟ್ಟು, ಸ್ಯಾಂಪಲ್ ಗಾತ್ರ 31 by 31 Average ಮಾಡಿ, Info ಫಲಕದಲ್ಲಿ Lab ಅಂಕಿ ಓದಬೇಕು. L ಎಂದರೆ ಎಷ್ಟು ಬೆಳಕು. a ಏರಿದರೆ ಕೆಂಪಿನತ್ತ, ಇಳಿದರೆ ಹಸಿರಿನತ್ತ. b ಏರಿದರೆ ಹಳದಿಯತ್ತ. ಕಿಟಕಿಯ ನೇರಕ್ಕೂ ಇಲ್ಲದ, ನೆಲಕ್ಕೂ ದೂರವಾದ ಭುಜದ ಹತ್ತಿರದ ತೋಳು ಇಲ್ಲಿ ಅಳತೆಗೋಲು: a 16, b 21. ಹೊಟ್ಟೆಯ ಮೇಲ್ಭಾಗ a 9, b 21. ಹೊಟ್ಟೆಯ ಅಡಿ a 27, b 29. ಅಂದರೆ ಗಲಾಟೆ ಹೆಚ್ಚಾಗಿ a ಅಂಕಿಯದು, ಹಳದಿ ಏರಿರುವುದು ಅಡಿಯಲ್ಲಿ ಮಾತ್ರ. ಕಂದು ಚರ್ಮದಲ್ಲಿ ಸಾಮಾನ್ಯವಾಗಿ b ಅಂಕಿ a ಗಿಂತ ಒಂದಿಷ್ಟು ಮುಂದಿರುತ್ತದೆ. ಎರಡೂ ಸಮಸಮ ಬಂದರೆ ಚರ್ಮ ಸುಟ್ಟಂತೆ, a ತೀರಾ ಹಿಂದೆ ಬಿದ್ದರೆ ಕಾಯಿಲೆಯವರಂತೆ ಕಾಣುತ್ತದೆ.

ಇಲ್ಲಿ ಹೆಚ್ಚಿನವರು ಹಿಡಿಯುವ ಅಡ್ಡದಾರಿ ಒಂದಿದೆ. ಖಾಲಿ ಲೇಯರ್ ತೆರೆದು, ಅದನ್ನು Color ಮೋಡ್‌ಗೆ ಹಾಕಿ, ತೋಳಿನ ಬಣ್ಣ ಎತ್ತಿಕೊಂಡು ಹೊಟ್ಟೆಗೆಲ್ಲ ಬಳಿಯುವುದು. ಎರಡು ನಿಮಿಷದ ಕೆಲಸ, ಬಣ್ಣವೂ ಒಂದಾಗುತ್ತದೆ. ಆದರೆ ಒಂದೇ ಆಗಿಬಿಡುತ್ತದೆ. ನಿಜವಾದ ಚರ್ಮದಲ್ಲಿ ಗೆಣ್ಣು ಸ್ವಲ್ಪ ಕಪ್ಪು, ಕಿವಿ ಸ್ವಲ್ಪ ಕೆಂಪು, ಹೊಕ್ಕುಳ ಸುತ್ತ ಇನ್ನೊಂದು ಛಾಯೆ. ಬಿಸಿಲು ಕಾಣದ ಹೊಟ್ಟೆ ಮುಖಕ್ಕಿಂತ ತಿಳಿ. ಆ ವ್ಯತ್ಯಾಸ ಪೂರ್ತಿ ಅಳಿದರೆ ದೇಹ ಪ್ಲಾಸ್ಟಿಕ್ ಕೊಡ ಆಗುತ್ತದೆ. ಬಣ್ಣ ಸಮ ಮಾಡಬೇಕು ಎಂದರೆ ಬೆಳಕು ತಂದ ಬಣ್ಣವನ್ನು ತೆಗೆಯಬೇಕು, ಚರ್ಮದ ಬಣ್ಣವನ್ನಲ್ಲ.

ಹೊಟ್ಟೆಯ ಅಡಿಗೆ Hue/Saturation ಲೇಯರ್ ಹಾಕಿ, Reds ಆರಿಸಿ, Hue +7, Saturation −12 ಮಾಡಲಾಯಿತು. Hue ಮುಂದಕ್ಕೆ ಹೋದರೆ ಕೆಂಪು ಕಿತ್ತಳೆಯತ್ತ ಸರಿಯುತ್ತದೆ. ಛಾಯೆಗಳ ನಡುವಿನ ಅಂತರ ಹಾಗೆಯೇ ಉಳಿದು ಎಲ್ಲವೂ ಒಟ್ಟಿಗೆ ಸರಿಯುವುದರಿಂದ ಬಳಿದಂತೆ ಕಾಣುವುದಿಲ್ಲ. ಮಾಸ್ಕ್ ಕಪ್ಪು ಮಾಡಿಕೊಂಡು, ದೊಡ್ಡ ಮೆತ್ತನೆಯ ಬ್ರಷ್‌ನಿಂದ ನೆಲದ ಬೆಳಕು ಬಿದ್ದಲ್ಲಿ ಮಾತ್ರ ತೆರೆಯಬೇಕು: ಅಡಿಯಲ್ಲಿ ಪೂರ್ತಿ, ಮೇಲೆ ಬರುತ್ತ ಮಸುಕಾಗಿ, ಹೊಕ್ಕುಳ ಮಟ್ಟಕ್ಕೆ ಶೂನ್ಯ. ಮಾಸ್ಕ್ ಹೊಟ್ಟೆಯ ಆಕಾರ ಹಿಡಿಯಬಾರದು, ಬೆಳಕಿನ ಆಕಾರ ಹಿಡಿಯಬೇಕು. ಕೆಳಗಿನ ಅಂಗೈಯ ಅಡಿಯೂ ಅದೇ ಕೆಂಪಿನಲ್ಲಿತ್ತು. ಅದನ್ನು ಮರೆತಿದ್ದರೆ ಕೈ ಬೇರೆಯವರದ್ದಾಗಿ ಕಾಣುತ್ತಿತ್ತು. ಅಂಕಿ a 19, b 24ಕ್ಕೆ ಬಂದಾಗ ಅಲ್ಲಿಗೇ ನಿಲ್ಲಿಸಿದ್ದು ಬೇಕೆಂದೇ. ಫ್ರೇಮ್‌ನಲ್ಲಿ ಕೆಂಪು ನೆಲ ಕಾಣುತ್ತಿದೆ. ಅದರ ಪ್ರತಿಫಲನ ಒಂದಿಷ್ಟೂ ಇಲ್ಲದಿದ್ದರೆ ಆಕೆಯನ್ನು ಎಲ್ಲಿಂದಲೋ ಕತ್ತರಿಸಿ ತಂದು ಅಂಟಿಸಿದಂತಾಗುತ್ತದೆ.

ಕಿಟಕಿಯ ಕಡೆಗೆ ಕರ್ವ್ಸ್ ಲೇಯರ್, Green ಚಾನೆಲ್‌ನ ನಡುವನ್ನು ಸ್ವಲ್ಪ ಇಳಿಸಿದ್ದು ಸಾಕಾಯಿತು. ಇಲ್ಲಿ ಎಚ್ಚರ ಬೇಕಾದದ್ದು ಸೀರೆ ಮತ್ತು ಬಳೆಗೆ. ಹಸಿರು ಚಾನೆಲ್ ಇಳಿದರೆ ಸೀಮಂತದ ಹಸಿರು ಸೀರೆ ಮಾಸಿದ ಪಾಚಿ ಬಣ್ಣಕ್ಕೆ ಬರುತ್ತದೆ, ಅದನ್ನು ಮನೆಯ ಹೆಂಗಸರು ಮೊದಲ ನೋಟಕ್ಕೇ ಹಿಡಿಯುತ್ತಾರೆ. ಎರಡನ್ನೂ ಮಾಸ್ಕ್‌ನಿಂದ ಹೊರಗಿಡಬೇಕು. ಸೀರೆಯ ಅಂಚು ಚರ್ಮಕ್ಕೆ ತಾಗುವಲ್ಲಿ ಬೆರಳಗಲದಷ್ಟು ಹಸಿರು ಪ್ರತಿಫಲನ ಇತ್ತು. ಅದು ಸೀರೆಯದೇ, ಹಾಗೇ ಬಿಡಲಾಯಿತು.

ಈ ಹಂತ ಮುಗಿದಾಗ ಒಂದು ವಿಷಯ ಗೊತ್ತಾಯಿತು. ಪಕ್ಕೆಯ ಸ್ಟ್ರೆಚ್ ಮಾರ್ಕ್‌ಗಳು ಮೊದಲು ಗಾಯದಂತೆ ಎದ್ದು ಕಾಣುತ್ತಿದ್ದವು. ಹೊಸದಾಗಿ ಬಂದ ಹಿಗ್ಗುಗೆರೆ ಹೇಗೂ ಕೆಂಪು ಅಥವಾ ನೇರಳೆ ಇರುತ್ತದೆ, ಅದರ ಮೇಲೆ ನೆಲದ ಕೆಂಪು ಸೇರಿ ಇಮ್ಮಡಿಯಾಗಿತ್ತು. ಬೆಳಕಿನ ಬಣ್ಣ ಸರಿಯಾದ ಕೂಡಲೇ ಅವು ತಾವೇ ತಣ್ಣಗಾದವು. ಆಮೇಲೆ ಅವುಗಳ ಬಣ್ಣವನ್ನು ಐದನೇ ಒಂದು ಪಾಲು ಇಳಿಸಿದ್ದು ಬಿಟ್ಟರೆ ಬೇರೇನೂ ಮಾಡಬೇಕಾಗಲಿಲ್ಲ; ಗೆರೆಗಳ ಉಬ್ಬುತಗ್ಗು ಹಾಗೆಯೇ ಇದೆ. ಮೊದಲೇ ಹೀಲಿಂಗ್ ಬ್ರಷ್ ಎತ್ತಿಕೊಂಡಿದ್ದರೆ ಇಲ್ಲದ ದೋಷಕ್ಕೆ ಇದ್ದ ಚರ್ಮ ಹೋಗುತ್ತಿತ್ತು.

ಲಾಡಿ ಗುರುತು ಈ ಫೈಲ್‌ನ ಅತಿ ತಾಪತ್ರಯದ ಭಾಗ. ಸುಮಾರು ಎಂಟು ಸೆಂಟಿಮೀಟರ್ ಉದ್ದ, ಹೊಟ್ಟೆಯ ಅಡಿಯ ತಿರುವಿನ ಮೇಲೇ ಹಾದುಹೋಗಿದೆ. ಮೊದಲ ಪ್ರಯತ್ನದಲ್ಲಿ ಹೀಲಿಂಗ್ ಬ್ರಷ್ ಓಡಿಸಿದ್ದಕ್ಕೆ ಗುರುತು ಹೋಯಿತು, ಜೊತೆಗೆ ತಿರುವೂ ಹೋಗಿ ಅಲ್ಲೊಂದು ಚಪ್ಪಟೆ ಪಟ್ಟಿ ಉಳಿಯಿತು. ಕಾರಣ ಸರಳ: ಬೆಳಕು ಬೇಗ ಬೇಗ ಬದಲಾಗುವ ಜಾಗದಲ್ಲಿ ಎಲ್ಲಿಂದ ಚರ್ಮ ತಂದರೂ ಅದರ ಬೆಳಕು ಹೊಂದುವುದಿಲ್ಲ. ಒತ್ತಿದ ಗುರುತು ಎಂದರೆ ಒಂದು ಸಣ್ಣ ಚರಂಡಿ. ಒಂದು ದಡ ಕಪ್ಪು, ಪಕ್ಕದ ದಡ ಬಿಳುಪು, ನಡುವೆ ಸ್ವಲ್ಪ ಕೆಂಪು. ಕಪ್ಪನ್ನು ತಿಳಿ ಮಾಡಿ ಬಿಳುಪನ್ನು ಮಬ್ಬು ಮಾಡಿದರೆ ಚರಂಡಿ ತುಂಬಿಕೊಳ್ಳುತ್ತದೆ, ರಂಧ್ರ ರೋಮ ಎಲ್ಲ ಅಲ್ಲೇ ಇರುತ್ತವೆ.

ಅದಕ್ಕೆ ಡಾಡ್ಜ್ ಮತ್ತು ಬರ್ನ್. ಎರಡು ಕರ್ವ್ಸ್ ಲೇಯರ್: ಒಂದರಲ್ಲಿ ನಡುಬಿಂದು 128ರಿಂದ 145ಕ್ಕೆ ಮೇಲೆ, ಇನ್ನೊಂದರಲ್ಲಿ 110ಕ್ಕೆ ಕೆಳಗೆ. ಎರಡರ ಮಾಸ್ಕ್ ಕಪ್ಪು, ಮೋಡ್ Luminosity. Normal ಮೋಡ್‌ನಲ್ಲೇ ಬಿಟ್ಟು ಬರ್ನ್ ಮಾಡಿದರೆ ಚರ್ಮ ಕಪ್ಪಾಗುವ ಜೊತೆಗೆ ಕಿತ್ತಳೆಯೂ ಆಗಿ, ಆಗಷ್ಟೇ ತಿದ್ದಿದ ಬಣ್ಣ ಮತ್ತೆ ಕೆಡುತ್ತದೆ. ಮೆತ್ತನೆಯ ಬ್ರಷ್, Flow 2%, ಬ್ರಷ್‌ನ ಅಗಲ ಗುರುತಿನ ದಡದಷ್ಟೇ. ಒಂದೊಂದು ಎಳೆತಕ್ಕೆ ಏನೂ ಆಗಿಲ್ಲವೇನೋ ಅನ್ನಿಸಬೇಕು, ಏಳೆಂಟು ಎಳೆತಕ್ಕೆ ಕಾಣಬೇಕು. ಕೊನೆಯಲ್ಲಿ ಉಳಿದ ಸಣ್ಣ ಕೆಂಪಿಗೆ ಮಾತ್ರ ಹೀಲಿಂಗ್ ಬ್ರಷ್, ಬೇರೆ ಖಾಲಿ ಲೇಯರ್‌ನಲ್ಲಿ, Current & Below ಇಟ್ಟು. ಈ ಒಂದು ಗುರುತಿಗೇ 40 ನಿಮಿಷ ಹಿಡಿಯಿತು. ಫೋಟೋಗೆ ಅರ್ಧ ಗಂಟೆ ಮೊದಲೇ ಲಾಡಿ ಸಡಿಲಿಸಿಕೊಂಡಿದ್ದರೆ ಗುರುತು ಬಹುಪಾಲು ಮಾಯವಾಗುತ್ತಿತ್ತು, ಅದು ಬೇರೆ ಮಾತು.

ಇದೇ ಎರಡು ಲೇಯರ್‌ನಲ್ಲಿ ಮೈಮೇಲಿನ ಬಿಡಿ ಮಬ್ಬು ಕಲೆಗಳ ಕೆಲಸ, ಬಂಗಿಗೆ ಮಾತ್ರ ಇಂಥದೇ ಪ್ರತ್ಯೇಕ ಲೇಯರ್. ಎಲ್ಲದರ ಮೇಲೆ ತಾತ್ಕಾಲಿಕವಾಗಿ ಒಂದು ಕಪ್ಪು-ಬಿಳುಪು ಲೇಯರ್ ಇಟ್ಟುಕೊಂಡರೆ ಕಲೆಗಳು ಎದ್ದು ಕಾಣುತ್ತವೆ. ಬಂಗಿನ ಜಾಗ ಸುತ್ತಲಿಗಿಂತ L ಅಂಕಿಯಲ್ಲಿ 7 ಕಡಿಮೆ ಇತ್ತು, 4ಕ್ಕೆ ತಂದು ಬಿಡಲಾಯಿತು. ಅರ್ಧ ಎಂದಿದ್ದರು, ಹತ್ತಿರ ಹತ್ತಿರ ಅರ್ಧ.

ಆದರೆ ಈ ಕಪ್ಪು-ಬಿಳುಪು ಲೇಯರ್‌ಗೆ ಕಪ್ಪು ಗೆರೆ ಯಾವುದು, ಕಲೆ ಯಾವುದು ಗೊತ್ತಾಗುವುದಿಲ್ಲ. ಹೊಟ್ಟೆಯ ಗೆರೆಯೂ ಅಲ್ಲಿ ಒಂದು ಕಲೆಯಂತೆಯೇ ಕಾಣುತ್ತದೆ, ಕೈ ತಾನಾಗಿ ಅದರ ಮೇಲೆ ಹೋಗಿಬಿಡುತ್ತದೆ. ಮೊದಲ ಸುತ್ತಿನಲ್ಲಿ ಹಾಗೇ ಆಗಿ, ಹೊಕ್ಕುಳ ಕೆಳಗಿನ ಎರಡು ಬೆರಳಷ್ಟು ಗೆರೆ ಮಸುಕಾಗಿತ್ತು. ಮೂಲ ಫೈಲ್ ಪಕ್ಕದಲ್ಲಿಟ್ಟು ನೋಡಿದಾಗಲೇ ತಿಳಿದದ್ದು. ಮತ್ತೆ ಹಾಗಾಗದಂತೆ ಗೆರೆಯ ಉದ್ದಕ್ಕೂ ಆಯ್ಕೆ ಎಳೆದು, 8 ಪಿಕ್ಸೆಲ್ ಅಂಚು ಮೆತ್ತಗೆ ಮಾಡಿ, ಡಾಡ್ಜ್-ಬರ್ನ್ ಲೇಯರ್‌ಗಳ ಗುಂಪಿಗೇ ಮಾಸ್ಕ್ ಆಗಿ ಹಾಕಿ ಆ ಜಾಗ ಮುಚ್ಚಲಾಯಿತು. ಈ ಗೆರೆ ಬಸುರಿನಲ್ಲಿ ಹಾರ್ಮೋನಿನಿಂದ ಗಾಢವಾಗುವಂಥದ್ದು, ಹೆರಿಗೆಯ ನಂತರ ಸಾಮಾನ್ಯವಾಗಿ ಕೆಲ ತಿಂಗಳಲ್ಲಿ ಮಸುಕಾಗುತ್ತದೆ. ಅದು ಸ್ಕೇಲ್ ಇಟ್ಟು ಎಳೆದಂತೆ ನೇರ ಇರುವುದಿಲ್ಲ. ಈಕೆಯದು ಹೊಕ್ಕುಳ ಹತ್ತಿರ ಸ್ವಲ್ಪ ಎಡಕ್ಕೆ ವಾಲಿದೆ, ಅಂಚು ಒಂದೆಡೆ ತೆಳು. ಹಾಗೇ ಇದೆ.

ಇನ್ನು ನೆರಳು. ನೆರಳು ಮೃದು ಮಾಡುವುದು ಎಂದರೆ ನೆರಳನ್ನು ತಿಳಿ ಮಾಡುವುದು ಎಂದುಕೊಂಡರೆ ಬಸುರಿ ಫೋಟೋ ಕೆಟ್ಟಿತೆಂದೇ ಲೆಕ್ಕ. ರಾ ಕನ್ವರ್ಟರ್‌ನಲ್ಲಿ Shadows +60 ಹಾಕಿ ನೋಡಿದಾಗ ಹೊಟ್ಟೆ ರಟ್ಟಿನ ಹಾಳೆಯಂತಾಯಿತು, ಸೀರೆಯ ಮಡಿಕೆಗಳಲ್ಲಿ ಕಾಳುಕಾಳು ಎದ್ದಿತು. ಹೊಟ್ಟೆ ದುಂಡಗಿದೆ ಎಂದು ನೋಡುವವರಿಗೆ ಹೇಳುತ್ತಿರುವುದು ಬೆಳಕಿನಿಂದ ನೆರಳಿಗೆ ತಿರುಗುವ ಆ ಒಂದು ಪಟ್ಟಿ. ಮೃದುತನ ಇರುವುದು ನೆರಳಿನ ಆಳದಲ್ಲಲ್ಲ, ಈ ಪಟ್ಟಿಯ ಅಗಲದಲ್ಲಿ.

ಹಾಗಾಗಿ ಬೆಳಕಿನ ಭಾಗ L 60, ಅಡಿಯ ನೆರಳು L 38 ಇದ್ದದ್ದರಲ್ಲಿ ನೆರಳನ್ನು 42ಕ್ಕಷ್ಟೇ ಎತ್ತಿ, ಉಳಿದ ಶ್ರಮವನ್ನೆಲ್ಲ ಪಟ್ಟಿಯ ಮೇಲೆ ಹಾಕಲಾಯಿತು. 400 ಪಿಕ್ಸೆಲ್‌ನ ಮೆತ್ತನೆಯ ಬ್ರಷ್, Flow 1%. ನೆರಳಿನ ಅಂಚಿನ ಕಪ್ಪು ಕಡೆಯನ್ನು ತುಸು ಏರಿಸಿ, ಬೆಳಕಿನ ಕಡೆಯನ್ನು ತುಸು ಇಳಿಸಿ, ತಿರುವು ಅಗಲವಾಗುವಂತೆ. ಪರದೆಯ ಮೇಲೆ ಫೋಟೋ 25% ಗಾತ್ರದಲ್ಲಿಟ್ಟು ಮಾಡಬೇಕಾದ ಕೆಲಸ ಇದು. 100%ಗೆ ಹೋದರೆ ರಂಧ್ರ ಕಾಣುತ್ತದೆ, ಹೊಟ್ಟೆ ಕಾಣುವುದಿಲ್ಲ. ಬ್ಲರ್ ಯಾವ ಕಾರಣಕ್ಕೂ ಬೇಡ, ಅದು ನೆರಳಿನ ಜೊತೆ ಚರ್ಮವನ್ನೂ ಒರೆಸುತ್ತದೆ.

ಮೇಲಿನ ಕೈಯ ನೆರಳು ಹೊಟ್ಟೆಯ ಮೇಲೆ ಬಿದ್ದದ್ದು ಬೇರೆ ಜಾತಿ. ಬೆರಳು ಚರ್ಮಕ್ಕೆ ತಾಗುವಲ್ಲಿ ನೆರಳು ಕಡುವಾಗಿ, ಚೂಪಾಗಿ ಇರಲೇಬೇಕು. ದೂರ ಹೋಗುತ್ತ ಹರಡಿಕೊಳ್ಳಬೇಕು. ತಾಗುವಲ್ಲಿನ ಆ ಸಣ್ಣ ಕಪ್ಪನ್ನೂ ಮೃದು ಮಾಡಿದರೆ ಕೈ ಹೊಟ್ಟೆಯ ಮೇಲೆ ಕೂತಂತೆ ಕಾಣದೆ ಗಾಳಿಯಲ್ಲಿ ತೇಲುತ್ತದೆ. ಬೆರಳಂಚಿನಿಂದ ಸುಮಾರು ಒಂದು ಸೆಂಟಿಮೀಟರ್ ಬಿಟ್ಟು ಆಚೆಗಷ್ಟೇ ಬ್ರಷ್ ಆಡಿಸಿದ್ದು.

ಆಕಾರಕ್ಕೆ ಕೈ ಹಾಕಿಲ್ಲ ಎಂಬುದಕ್ಕೆ ಪುರಾವೆಯೂ ಇಟ್ಟುಕೊಳ್ಳಬಹುದು. Liquify ಬಳಸಿದ್ದು ಬೆನ್ನ ಹಿಂದೆ ಉಬ್ಬಿ ನಿಂತಿದ್ದ ಸೆರಗಿನ ಒಂದು ಮಡಿಕೆಗೆ ಮಾತ್ರ. ಮೂಲ ಫೋಟೋವನ್ನು ಎಲ್ಲದರ ಮೇಲೆ ಲೇಯರ್ ಆಗಿಟ್ಟು Difference ಮೋಡ್ ಹಾಕಿದರೆ ಬದಲಾಗದ್ದೆಲ್ಲ ಕಪ್ಪಾಗುತ್ತದೆ. ಬಣ್ಣ, ನೆರಳು ತಿದ್ದಿದ್ದು ಹರಡಿದ ಮಂಜಿನಂತೆ ಕಾಣುತ್ತದೆ. ಸೊಂಟವೋ ತೋಳೋ ಕದಲಿದ್ದರೆ ಅಂಚಿಗುಂಟ ಚೂಪಾದ ಹೊಳೆವ ಗೆರೆ ಕಾಣುತ್ತದೆ. ಇಲ್ಲಿ ಸೆರಗಿನ ಬಳಿ ಬಿಟ್ಟು ಬೇರೆಲ್ಲೂ ಅಂಥ ಗೆರೆ ಇರಲಿಲ್ಲ.

12×18 ಇಂಚಿಗೆ 300 ಪಿಪಿಐಯಂತೆ 3600×5400 ಪಿಕ್ಸೆಲ್. 24 ಮೆಗಾಪಿಕ್ಸೆಲ್ ಫೈಲ್‌ನಲ್ಲಿ ಅಷ್ಟು ಸಿಗುತ್ತದೆ. ಲ್ಯಾಬ್ ಕೇಳಿದ್ದು sRGB. ಇಷ್ಟೆಲ್ಲ ಆಗಿಯೂ ಮೊದಲ ಪರೀಕ್ಷಾ ಪ್ರಿಂಟ್ ಸೋತಿತು. ಪರದೆಯಲ್ಲಿ ಚೆನ್ನಾಗಿ ಕಾಣುತ್ತಿದ್ದ ಕಪ್ಪು ಗೆರೆಯ ಕೆಳತುದಿ ಮ್ಯಾಟ್ ಕಾಗದದಲ್ಲಿ ನೆರಳಿನೊಳಗೆ ಮುಳುಗಿಹೋಗಿತ್ತು. ಮ್ಯಾಟ್ ಕಾಗದದಲ್ಲಿ ಕಪ್ಪು ಅಷ್ಟು ಆಳಕ್ಕೆ ಹೋಗುವುದಿಲ್ಲ, ಹಾಗಾಗಿ ಪಕ್ಕಪಕ್ಕದ ಎರಡು ಗಾಢ ಛಾಯೆಗಳು ಒಂದಾಗಿಬಿಡುತ್ತವೆ. ಜೊತೆಗೆ ಎಡಿಟಿಂಗ್ ಪರದೆಯ ಬೆಳಕು ಜಾಸ್ತಿ ಇತ್ತು. ಪ್ರಿಂಟಿಗಾಗಿ ಕೆಲಸ ಮಾಡುವಾಗ ಅದು ಚದರ ಮೀಟರಿಗೆ 100ರಿಂದ 120 ಕ್ಯಾಂಡೆಲಾ ಆಸುಪಾಸು ಇರಬೇಕು. ಪರದೆ ಇಳಿಸಿ ನೋಡಿದಾಗ ಪ್ರಿಂಟ್ ಹೇಳಿದ್ದೇ ಕಂಡಿತು. ಅಡಿಯ ನೆರಳನ್ನು L 42ರಿಂದ 45ಕ್ಕೆ ಎತ್ತಿ, ಗೆರೆಯನ್ನು ಮೊದಲಿನ ಜಾಗದಲ್ಲೇ ಬಿಟ್ಟಿದ್ದರಿಂದ ಎರಡರ ನಡುವಿನ ಅಂತರ ಮರಳಿ ಬಂತು.

ಎರಡನೇ ಪರೀಕ್ಷೆಗೆ ಇಡೀ ಫೋಟೋ ಬೇಕಿರಲಿಲ್ಲ. ಹೊಟ್ಟೆ, ಎರಡು ಕೈ ಇರುವ ಭಾಗವನ್ನು ಅಸಲು ಗಾತ್ರದಲ್ಲೇ ಕತ್ತರಿಸಿ 4×6 ಕಾಗದದ ಮೇಲೆ ತೆಗೆಸಿ, ಟ್ಯೂಬ್‌ಲೈಟಿನ ಕೆಳಗಲ್ಲದೆ ಬಾಗಿಲ ಬಳಿ ಹಗಲು ಬೆಳಕಿನಲ್ಲಿ ನೋಡಲಾಯಿತು. ಮಳೆಗಾಲದ ಹೆಂಚಿನ ಮನೆಯೊಳಗೆ ಗೋಡೆಗೆ ಬೆಳಕು ಕಡಿಮೆ, ಪ್ರಿಂಟ್ ಅಂಗಡಿಯಲ್ಲಿ ಕಂಡದ್ದಕ್ಕಿಂತ ಮಬ್ಬಾಗಿಯೇ ಕಾಣುತ್ತದೆ. ಆ ಲೆಕ್ಕಕ್ಕೆ ಇಡೀ ಚಿತ್ರದ ಬೆಳಕನ್ನು ಕಾಲು ಸ್ಟಾಪ್‌ನಷ್ಟು ಏರಿಸಲಾಯಿತು, ಬಣ್ಣ ಮುಟ್ಟದೆ. ಫೈಲ್ ಮುಗಿಯಲು ಒಟ್ಟು ಎರಡೂ ಮುಕ್ಕಾಲು ಗಂಟೆ.

ಪ್ರಿಂಟ್ ಒಯ್ಯಲು ಬಂದಾಗ ಅತ್ತೆ ಮೊದಲು ನೋಡಿದ್ದು ಸೀರೆಯ ಬಣ್ಣ. ಆಮೇಲೆ ಮುಖ. "ಈಗ ಬೆಳ್ಳಗೆ ಮಾಡಿದ್ರಲ" ಎಂದರು. ಮುಖದ ಬಣ್ಣದಲ್ಲಿ ತೋಟದ ಹಸಿರು ಹೋದದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಸೊಸೆ ಹೊಟ್ಟೆಯ ಗೆರೆಯ ಮೇಲೆ ಬೆರಳಾಡಿಸಿ, ಅದು ಎಡಕ್ಕೆ ವಾಲಿದ ಜಾಗಕ್ಕೆ ಬಂದು ನಿಲ್ಲಿಸಿದರು, ನಂತರ ಲಾಡಿ ಗುರುತು ಇದ್ದ ಕಡೆ ಹುಡುಕಿದರು. ಲೇಯರ್ ಇರುವ ಫೈಲ್ ಅನ್ನು ಬೇರೆಯಾಗಿ ಉಳಿಸಿ ಇಡಲಾಗಿದೆ. ಬಂಗಿನ ಕೆಲಸ ಅದರಲ್ಲಿ ಪ್ರತ್ಯೇಕ ಲೇಯರ್, ಮುಂದೆ ಅದು ಬೇಡವೆನ್ನಿಸಿದರೆ ಕಣ್ಣಿನ ಗುರುತು ಒತ್ತಿ ಮರೆಮಾಡಿದರೆ ಆಯಿತು.